ಎಲೆಯ ಲೆಕ್ಕ

ರಾಜ್ಯೋತ್ಸವದ ಊಟವಾದ ಮೇಲೆ, ಸರ್ವಸದಸ್ಯರ ಸಭೆಗೆ ಒಪ್ಪಿಸತಕ್ಕ ವರದಿಯನ್ನು ಬರೆಯುವ ಹೊಣೆಯನ್ನು ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ನಮಗೆ ವಹಿಸಿದರು. ಸುಲಭವೆಂದೇ ಎಣಿಸಿದೆವು. ಬಂದವರೆಷ್ಟು ಎಂಬ ಮೊದಲನೆಯ ಸಾಲಿನಲ್ಲಿಯೇ ಲೇಖನಿ ನಿಂತಿತು.

ಮನೆಮನೆಯಿಂದ ಮುಂಚಿತವಾಗಿ ಬರೆಸಿದ್ದ ಹೆಸರುಗಳು 212. ರುಜು ಪುಸ್ತಕದಲ್ಲಿದ್ದುವು 96 ಮಾತ್ರ. ಮನೆಗೊಬ್ಬರಂತೆ ರುಜು ಹಾಕಿದ್ದರು. ಕಡೆಗೆ ಉಗ್ರಾಣಕ್ಕೆ ಹೋಗಿ ಬಾಳೆಯೆಲೆಗಳನ್ನು ಎಣಿಸಿದೆವು. ತಂದಿದ್ದುವು 300, ಉಳಿದುವು 37, ಹರಿದುವು 6. ಅಂದಮೇಲೆ ಉಂಡವರು 257 ಮಂದಿ. ಅಡಿಗೆಯಾದುದಾದರೋ 230 ಜನಕ್ಕೆ! ಕಡೆಯ ಪಂಕ್ತಿಯಲ್ಲಿ ಕುಳಿತ ಕಾವಲುಗಾರರಿಗೂ ಗುಡಿಸುವವರಿಗೂ ಅನ್ನ ಸಾರು ಹೊರತು ಬೇರೇನೂ ಸಿಕ್ಕದೆ ಹೋದುದೇಕೆಂಬುದು ಆಗ ತಿಳಿಯಿತು. ಅವರನ್ನು ಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ, ನಾವೂ ಬರೆದಿರಲಿಲ್ಲ.

ಖರ್ಚೆಂದು ಬರೆದಿದ್ದ ಹಣ 61,400 ರೂಪಾಯಿ. ಪಾತ್ರೆಗಳಿಗಾಗಿ ಇಟ್ಟ 5,000 ರೂಪಾಯಿ ಠೇವಣಿಯೂ ಅದರೊಳಗೇ ಸೇರಿತ್ತು. ಕೊಳದಪ್ಪಲೆಯ ಮುಚ್ಚಳವೊಂದು ಕಳೆದುದಕ್ಕಾಗಿ 600 ಮುರಿದುಕೊಂಡು, 4,400ನ್ನು ಹಿಂದಕ್ಕೆ ಕೊಟ್ಟರು. ಆದುದರಿಂದ ನಿಜವಾದ ವೆಚ್ಚ 57,000. ಇದನ್ನು ಬಿಡಿಸಿ ಬರೆಯದಿದ್ದರೆ ಮುಂದಿನ ವರ್ಷದ ಅಂದಾಜು ತಪ್ಪುವುದು.

“ಸಾರಿನ ವಿಷಯ ಬೇಡ ಬಿಡಿ, ಸಂಘಕ್ಕೆ ಅಪಕೀರ್ತಿ” ಎಂದರು ಕಾರ್ಯದರ್ಶಿಗಳು. ನಮಗೂ ಒಂದು ಗಳಿಗೆ ಹಾಗೆಯೇ ತೋರಿತು. ಆದರೆ 257ನ್ನು ಬರೆದು 230ನ್ನು ಮರೆಮಾಡುವುದು ಹೇಗೆ? ಬರೆದೆವು. ಮುಂದಿನ ಸಲ ಕೆಲಸದವರ ಎಣಿಕೆ ಮೊದಲಾಗತಕ್ಕದ್ದು, ಅವರು ಎರಡನೆಯ ಪಂಕ್ತಿಯಲ್ಲಿಯೇ ಕೂಡತಕ್ಕದ್ದು ಎಂದೂ ಸೇರಿಸಿದೆವು.

ಸಭೆಯಲ್ಲಿ ಅದರ ಮೇಲೆ ಯಾರೂ ಮಾತೆತ್ತಲಿಲ್ಲ. ಮುಚ್ಚಳವನ್ನು ಕಳೆದವರಾರೆಂದು ಮಾತ್ರ ಅರ್ಧ ಗಂಟೆ ಚರ್ಚೆ ನಡೆಯಿತು.