ಅಜ್ಜಿ ಊರಿಗೆ ಹೊರಡುವ ಮುನ್ನ: ಒಂದು ದಿನದ ಕಾಲ್‌ಶೀಟ್



ಕಾಲ್‌ಶೀಟ್ ಎಂದರೆ ನಮಗೆ ನೆನಪಾಗುವುದು ಸಿನಿಮಾ ಸುದ್ದಿ: ಇಂಥ ನಟರು ಇಷ್ಟು ದಿನ ಕಾಲ್‌ಶೀಟ್ ಕೊಟ್ಟಿದ್ದಾರೆ, ಇಂಥವರ ಕಾಲ್‌ಶೀಟ್ ಸಿಗುತ್ತಿಲ್ಲ ಎಂಬಂಥದ್ದು. ನಾನು ಹೇಳಹೊರಟಿರುವುದು ಇನ್ನೊಂದು ಕಾಲ್‌ಶೀಟ್. ಶೂಟಿಂಗ್‌ನ ಹಿಂದಿನ ಸಂಜೆ ತಂಡದ ಎಲ್ಲರ ಕೈ ಸೇರುವ ಒಂದೇ ಹಾಳೆ ಅದು. ಯಾರು, ಎಲ್ಲಿಗೆ, ಎಷ್ಟು ಹೊತ್ತಿಗೆ ಬರಬೇಕು, ಯಾವ ದೃಶ್ಯ ಮೊದಲು, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬುದಷ್ಟೇ ಅದರಲ್ಲಿರುತ್ತದೆ.

ಕಳೆದ ಜನವರಿಯಲ್ಲಿ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಮನೆಯಲ್ಲೇ ಐದು ದೃಶ್ಯಗಳ ಕಿರುಚಿತ್ರವೊಂದನ್ನು ತೆಗೆದೆವು. ಅಜ್ಜಿಯ ಪಾತ್ರ ನಮ್ಮ ಅತ್ತೆಯವರದು. ಭಾನುವಾರ ರಾತ್ರಿ ಅವರು ಮಂಗಳೂರಿಗೆ ವಿಮಾನ ಹತ್ತಬೇಕು. ಹಾಗಾಗಿ ನಮಗೆ ಸಿಕ್ಕಿದ್ದು ಶನಿವಾರ ಒಂದೇ ದಿನ.

ಕಥೆಯ ಕ್ರಮ ಹೀಗಿತ್ತು: ಒಂದು, ಮೊಮ್ಮಗ ಶಾಲೆಯ ಬಸ್ಸಿಗೆ ಓಡುವುದು. ಎರಡು, ಅಡುಗೆಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಗ. ಮೂರು, ಹಾಲ್‌ನಲ್ಲಿ ಅಪ್ಪ ಅಮ್ಮನ ಮಾತುಕತೆ. ನಾಲ್ಕು, ಮುಸ್ಸಂಜೆ ಬಾಲ್ಕನಿಯಲ್ಲಿ ಅಜ್ಜಿ ಮತ್ತು ಮೊಮ್ಮಗ. ಐದು, ರಾತ್ರಿ ಮಗು ಮಲಗಿರುವಾಗ ಅಜ್ಜಿ ಅವನ ಕನ್ನಡ ಪುಸ್ತಕ ತಿರುವಿ ನೋಡುವುದು.

ಶೂಟಿಂಗ್‌ನ ಕ್ರಮ ಇದೇ ಆಗಬೇಕಿಲ್ಲ. ಪ್ರತಿ ದೃಶ್ಯಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಇಲ್ಲಿ ಮತ್ತೆ ಸಿಗದಿರುವುದು ಯಾವುದು? ಬಾಲ್ಕನಿ ದೃಶ್ಯಕ್ಕೆ ಅಜ್ಜಿಯೂ ಬೇಕು, ಮುಸ್ಸಂಜೆಯ ಬೆಳಕೂ ಬೇಕು. ಜನವರಿ ಮಧ್ಯದಲ್ಲಿ ದುಬೈಯಲ್ಲಿ ಸೂರ್ಯ ಮುಳುಗುವುದು ಸುಮಾರು 5:50ಕ್ಕೆ. ಆಮೇಲೆ ಉಳಿಯುವ ನೀಲಿ ಬೆಳಕು ಇಪ್ಪತ್ತು ನಿಮಿಷದ್ದು. ಹಾಗಾಗಿ ಹಾಳೆಯಲ್ಲಿ ಮೊದಲು ಬರೆದದ್ದು ನಾಲ್ಕನೇ ದೃಶ್ಯವನ್ನು. ಉಳಿದವನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಕೂರಿಸಿದೆ.

7:45 – ದೃಶ್ಯ 1, ಕಟ್ಟಡದ ಮುಂದೆ
9:15 – ದೃಶ್ಯ 2, ಅಡುಗೆಮನೆ
11:15 – ದೃಶ್ಯ 5, ಪರದೆ ಎಳೆದ ಕೋಣೆ
12:20 – ಊಟ
1:30 – ದೃಶ್ಯ 3, ಹಾಲ್
5:00 – ದೃಶ್ಯ 4ರ ತಾಲೀಮು, 5:40ಕ್ಕೆ ಶೂಟಿಂಗ್

ರಾತ್ರಿಯ ದೃಶ್ಯ ಬೆಳಿಗ್ಗೆ ಹನ್ನೊಂದಕ್ಕೆ ಬಂದದ್ದೇಕೆ ಎಂದು ನೀವು ಕೇಳಬಹುದು. ದಪ್ಪ ಪರದೆ ಎಳೆದು ಟೇಬಲ್ ದೀಪ ಹಚ್ಚಿದರೆ ಕೋಣೆಯೊಳಗೆ ರಾತ್ರಿಯೇ. ಕಥೆಯಲ್ಲಿ ಎರಡು ಮತ್ತು ಐದು ಒಂದೇ ದಿನ ನಡೆಯುತ್ತವೆ, ಆದ್ದರಿಂದ ಅಜ್ಜಿಗೆ ಸೀರೆ ಬದಲಿಸುವ ಕೆಲಸವೂ ಇಲ್ಲ. ಎರಡೂ ಬೇಗ ಮುಗಿದರೆ ಅತ್ತೆಯವರಿಗೂ ಮಗುವಿಗೂ ಸಂಜೆಯವರೆಗೆ ವಿಶ್ರಾಂತಿ. ಮಧ್ಯಾಹ್ನದ ಆಜಾನ್ ಆ ದಿನಗಳಲ್ಲಿ 12:30ರ ಸುಮಾರಿಗೆ. ಆಗ ಧ್ವನಿ ಮುದ್ರಿಸಲು ಆಗುವುದಿಲ್ಲ, ಊಟವನ್ನು ಅಲ್ಲಿಗೇ ಇಟ್ಟೆ. ಕಟ್ಟಡದ ಹೊರಗೆ ಸಾರ್ವಜನಿಕ ಜಾಗದಲ್ಲಿ ತೆಗೆಯಲು ಪರವಾನಗಿ ಬೇಕು. ಅದರ ಪ್ರತಿಯನ್ನು ಹಾಳೆಯ ಜೊತೆಗೇ ಕಳಿಸಿದೆ.

ಕಾಲ್ ಟೈಮ್ ಎಂದರೆ ಕ್ಯಾಮೆರಾ ಓಡುವ ಹೊತ್ತಲ್ಲ, ಆ ವ್ಯಕ್ತಿ ಬಂದು ನಿಲ್ಲಬೇಕಾದ ಹೊತ್ತು. ಅಪ್ಪನ ಪಾತ್ರದ ಗೆಳೆಯರಿಗೆ ಬೆಳಿಗ್ಗೆ ದೇರಾದಲ್ಲಿ ಕೆಲಸ. ದೃಶ್ಯ 1:30ಕ್ಕಾದರೂ ಅವರ ಹೆಸರಿನ ಮುಂದೆ 12:45 ಎಂದು ಬರೆದೆ: ಪಾರ್ಕಿಂಗ್ ಹುಡುಕಲು, ಊಟಕ್ಕೆ, ಅಂಗಿ ಬದಲಿಸಲು. ಇಲ್ಲಿ ಒಂದೊಂದು ಕ್ಲಸ್ಟರ್‌ನ ಕಟ್ಟಡಗಳೂ ಅಚ್ಚು ಹೊಯ್ದಂತೆ ಒಂದೇ ಥರ. ಪರ್ಷಿಯಾ, ಫ್ರಾನ್ಸ್ ಎಂದರೆ ಸಾಲದು. ಕಟ್ಟಡದ ಅಕ್ಷರ, ಸಂಖ್ಯೆ, ಮ್ಯಾಪ್‌ನ ಗುರುತು ಮೂರೂ ಬೇಕು.

ಫೋನ್ ನಂಬರ್‌ಗಳು ಮೂರೇ ಸಾಕು: ದಿನದ ಉಸ್ತುವಾರಿ ಹೊತ್ತವರು, ಕ್ಯಾಮೆರಾದವರು, ಮಗುವಿನ ಜೊತೆಗಿರುವವರು. ಇಲ್ಲಿ ವಾಟ್ಸಾಪ್‌ನಲ್ಲಿ ಮೆಸೇಜ್ ಹೋದರೂ ಸಾಮಾನ್ಯವಾಗಿ ಕರೆ ಹೋಗುವುದಿಲ್ಲ. ಆದ್ದರಿಂದ ಊರಿನ ನಂಬರ್ ಬೇಡ, ಇಲ್ಲಿನ ಸಿಮ್‌ನದ್ದೇ ಇರಲಿ. ಕೆಳಗೆ ಆಂಬುಲೆನ್ಸ್ 998, ಪೊಲೀಸ್ 999. ಹಾಳೆ ಬದಲಾದರೆ ಮೇಲೆ ದೊಡ್ಡದಾಗಿ ‘ಆವೃತ್ತಿ 2’ ಎಂದು ಬರೆಯಿರಿ. ಇಲ್ಲವಾದರೆ ಅರ್ಧ ತಂಡ ಹಳೆಯ ಹಾಳೆಯನ್ನೇ ನೋಡಿಕೊಂಡು ಬರುತ್ತದೆ.

ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಒಬ್ಬೊಬ್ಬರ ಹೆಸರಿನ ಮೇಲೂ ಬೆರಳಿಟ್ಟು ಅವರ ಇಡೀ ದಿನವನ್ನು ಓದುತ್ತಾ ಹೋಗಿ. ಯಾರಾದರೂ ಸುಮ್ಮನೆ ಮೂರು ಗಂಟೆ ಕಾಯುತ್ತಿದ್ದರೆ, ಬಟ್ಟೆ ಬದಲಿಸಿ ಮತ್ತೆ ಹಳೆಯದಕ್ಕೇ ಮರಳುತ್ತಿದ್ದರೆ, ಕ್ರಮ ಇನ್ನೂ ಕೂತಿಲ್ಲ ಎಂದರ್ಥ.

ತಡವಾದರೆ ಏನನ್ನು ಬಿಡುವುದು? ಅದನ್ನೂ ಮೊದಲೇ ಬರೆದಿಡಬೇಕು. ನಮ್ಮ ಹಾಳೆಯ ಕೊನೆಯ ಸಾಲು: “4:30 ಆದರೆ ದೃಶ್ಯ 3 ಎಲ್ಲಿದೆಯೋ ಅಲ್ಲಿಗೇ ನಿಲ್ಲಿಸಿ.” ಅದರಲ್ಲಿ ಅಜ್ಜಿ ಇಲ್ಲ, ಅಪ್ಪ ಅಮ್ಮ ಇಬ್ಬರೂ ಈ ಊರಲ್ಲೇ ಇರುವವರು. ಅಂದು ದಾರಿಯಲ್ಲಿ ಅಪಘಾತವಾಗಿ ರಸ್ತೆ ಕಟ್ಟಿಕೊಂಡು ಗೆಳೆಯರು ಬಂದದ್ದು 2:40ಕ್ಕೆ. ದೃಶ್ಯ ಅರ್ಧಕ್ಕೆ ನಿಂತಿತು, ಯಾರೂ ವಾದಿಸಲಿಲ್ಲ. ಉಳಿದರ್ಧ ಮುಂದಿನ ಶನಿವಾರ ಮುಗಿಯಿತು. ಬಾಲ್ಕನಿಯ ಅಜ್ಜಿ ಮೊಮ್ಮಗ ಮಾತ್ರ ಅಂದಿನ ಬೆಳಕಿನಲ್ಲೇ ಸಿಕ್ಕರು.