ಇನ್ನೊಂದು ಸಾಲು ಹಿಡಿಯುತ್ತದಾ?

ಮದುವೆ ಕಾಗದವನ್ನು ಫೋನಿನಲ್ಲೇ ಹೇಳಿ ಮಾಡಿಸಬಹುದು. ಶಿವಮೊಗ್ಗದಲ್ಲಿ ನಾನು ಡಿಟಿಪಿ ಅಂಗಡಿ ನಡೆಸುತ್ತಿದ್ದಾಗ ಸುತ್ತಲಿನ ಹಳ್ಳಿಗಳಿಂದ ಎಷ್ಟೋ ಜನ ಹಾಗೆಯೇ ಮಾಡಿಸುತ್ತಿದ್ದರು. ಮೇಲೆ ಮನೆದೇವರ ಪ್ರಸನ್ನ, ಆಮೇಲೆ ಮುಹೂರ್ತ, ನಡುವೆ ವಧೂವರರ ಹೆಸರು ದಪ್ಪಕ್ಷರದಲ್ಲಿ, ಕೊನೆಗೆ ಸುಖಾಗಮನ ಬಯಸುವವರು. ಎಲ್ಲಿ ಎಷ್ಟು ಜಾಗ ಬಿಡಬೇಕೆಂದು ಅವರು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಅದರ ಅಚ್ಚು ಇಬ್ಬರ ಕಣ್ಣಲ್ಲೂ ಇತ್ತು. ಹೆಸರು, ತಾರೀಕು ಸರಿಯಾಗಿ ಕೇಳಿಸಿದರೆ ಸಾಕಿತ್ತು.

ರೆಸ್ಯೂಮಿಗೆ ಅಂಥ ಒಂದೇ ಅಚ್ಚಿಲ್ಲ. ಒಬ್ಬರದು ಎರಡು ಕಾಲಮ್ಮು, ಇನ್ನೊಬ್ಬರದು ಟೇಬಲ್ಲು, ಮತ್ತೊಬ್ಬರದು ಸೀನಿಯರ್ ಕೊಟ್ಟ ಹಳೆಯ ಫೈಲಿನ ಮೇಲೆ ಬರೆದದ್ದು. ಆದ್ದರಿಂದ ಇಲ್ಲಿ ಹೆಸರು ತಾರೀಕುಗಳನ್ನು ಬಿಟ್ಟು ಜಾಗವನ್ನೇ ಹೇಳಬೇಕಾಗುತ್ತದೆ. ಜಾಗವನ್ನು ಬಾಯಲ್ಲಿ ಹೇಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ.

ನನ್ನ ಅಕ್ಕನ ಮಗಳು ಸುಮಾ ಬೆಂಗಳೂರಿನ ಪಿಜಿಯಲ್ಲಿದ್ದಾಳೆ. ಅವಳ ರೂಮ್‌ಮೇಟ್ ಕಲಬುರಗಿ ಕಡೆಯ ಹುಡುಗಿ. ಬಿಕಾಂ ಮುಗಿಸಿ ಅಕೌಂಟ್ಸ್ ಕೆಲಸ ಹುಡುಕುತ್ತಿದ್ದಳು. ರೆಸ್ಯೂಮಿನಲ್ಲಿ ಮನೆ ವಿಳಾಸ, ತಂದೆಯ ಹೆಸರು, ಹುಟ್ಟಿದ ದಿನ, ಫೋನ್ ನಂಬರು ಎಲ್ಲ ಇದ್ದುದರಿಂದ ಅದನ್ನು ಗೊತ್ತಿಲ್ಲದವರಿಗೆ ಕಳಿಸಲು ಅವಳಿಗೆ ಮನಸ್ಸಿರಲಿಲ್ಲ. ಆ ಎಚ್ಚರ ನನಗೆ ಇಷ್ಟವಾಯಿತು. ಸುಮಾಳ ಫೋನಿನಲ್ಲಿ ಅದರ ಸ್ಕ್ರೀನ್‌ಶಾಟ್ ಇತ್ತು. ಅದನ್ನು ನೋಡಿಕೊಂಡು ಅವಳು ನನಗೆ ಹೇಳುವುದು, ನಾನು ಸಲಹೆ ಕೊಡುವುದು ಎಂದಾಯಿತು.

"ಒಂಥರಾ ಇದೆ ಚಿಕ್ಕಮ್ಮ. ಕೆಲವು ಕಡೆ ಒತ್ತೊತ್ತಾಗಿದೆ, ಕೆಲವು ಕಡೆ ಖಾಲಿ ಖಾಲಿ. ಎರಡು ಪುಟ ಆಗಿದೆ" ಎಂದಳು.

ಒತ್ತು, ಖಾಲಿ ಎಂಬ ಮಾತಿನಿಂದ ಯಾವ ಸಲಹೆಯೂ ಹೊರಡುವುದಿಲ್ಲ. ಮಿಲಿಮೀಟರಿನಲ್ಲಿ ಹೇಳು ಅನ್ನೋಣವೆಂದರೆ, ಸ್ಕ್ರೀನ್‌ಶಾಟನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿದರೆ ಅಳತೆಯೂ ಹಿಗ್ಗುತ್ತದೆ. ಹಿಗ್ಗಿಸಿದರೂ ಕುಗ್ಗಿಸಿದರೂ ಬದಲಾಗದೆ ಉಳಿಯುವುದು ಆ ಚಿತ್ರದ ಒಳಗಿನ ಒಂದು ವಸ್ತುವಿಗೂ ಇನ್ನೊಂದಕ್ಕೂ ಇರುವ ಪ್ರಮಾಣ ಮಾತ್ರ. ಆದ್ದರಿಂದ ಆ ಪುಟದ ಒಂದು ಸಾಲನ್ನೇ ಅಳತೆಗೋಲು ಮಾಡಿಕೊಳ್ಳಬೇಕು. ಈ ಖಾಲಿ ಜಾಗದಲ್ಲಿ ಅದೇ ಅಕ್ಷರದ ಇನ್ನೊಂದು ಸಾಲು ಹಿಡಿಯುತ್ತದಾ, ಎರಡು ಹಿಡಿಯುತ್ತದಾ, ಅರ್ಧವಾ? ಈ ಒಂದು ಪ್ರಶ್ನೆಯಿಂದ ಮುಕ್ಕಾಲು ಕೆಲಸ ಆಗುತ್ತದೆ.

ಅದಕ್ಕೂ ಮೊದಲು ಆ ಚಿತ್ರ ಎಂಥದು ಎಂದು ಕೇಳಿಕೊಳ್ಳಬೇಕು. ಫೋನಿನಲ್ಲೇ ವರ್ಡ್ ತೆರೆದು ತೆಗೆದದ್ದಾದರೆ, ಕೆಲವೊಮ್ಮೆ ಅದು ಪುಟವನ್ನು ತೋರಿಸದೆ ಅಕ್ಷರಗಳನ್ನು ಪರದೆಯ ಅಗಲಕ್ಕೆ ಹೊಂದಿಸಿ ಮಡಿಸಿರುತ್ತದೆ. ಆಗ ಎಷ್ಟು ವರ್ಣಿಸಿದರೂ ಪ್ರಯೋಜನವಿಲ್ಲ, ಕಾಗದದ ಮೇಲೆ ಅದು ಬೇರೆಯೇ ಇರುತ್ತದೆ. ಲ್ಯಾಪ್‌ಟಾಪಿನ ಪರದೆಯನ್ನು ಕ್ಯಾಮೆರಾದಲ್ಲಿ ಓರೆಯಾಗಿ ಹಿಡಿದ ಫೋಟೋ ಆದರೆ ಎಡಬಲಗಳ ಪ್ರಮಾಣವನ್ನು ನಂಬುವಂತಿಲ್ಲ. ಸುಮಾಳ ಹತ್ತಿರವಿದ್ದದ್ದು ಒಳ್ಳೆಯ ಚಿತ್ರ. ಲ್ಯಾಪ್‌ಟಾಪಿನಲ್ಲಿ ತೆಗೆದದ್ದು, ಎರಡೂ ಪುಟ ಪಕ್ಕಪಕ್ಕದಲ್ಲಿ, ಪುಟದ ನಾಲ್ಕೂ ಅಂಚು ಕಾಣುತ್ತಿತ್ತು. ಮೇಲಿನ ಪಟ್ಟಿ ಕತ್ತರಿಸಿಹೋಗಿರಲಿಲ್ಲವಾದ್ದರಿಂದ ಅಲ್ಲಿ ಏನಿದೆ ಓದು ಎಂದೆ. `Calibri`, ಪಕ್ಕದಲ್ಲಿ `11`. ಕರ್ಸರ್ ನಿಂತಿದ್ದ ಜಾಗದ ಅಕ್ಷರ ಅದು. ಈ ಎರಡು ಪದ ಸಿಕ್ಕಿದ್ದು ದೊಡ್ಡ ಅನುಕೂಲವಾಯಿತು.

ಆಮೇಲೆ ಮಾರ್ಜಿನ್. ಎಡಗಡೆಯ ಬಿಳಿ ಪಟ್ಟಿಯಷ್ಟು ಅಗಲಕ್ಕೆ ಒಂದು ಚೀಟಿ ಹರಿದುಕೊಂಡು, ಪುಟದ ಅಗಲಕ್ಕೆ ಅದು ಎಷ್ಟು ಸಲ ಕೂರುತ್ತದೆ ನೋಡು ಎಂದೆ. ಎಂಟು ಸಲ ಕೂತು ಚೂರು ಉಳಿಯುತ್ತದೆ ಎಂದಳು. ಎ4 ಕಾಗದದ ಅಗಲ 210 ಮಿಲಿಮೀಟರು, ಒಂದು ಇಂಚೆಂದರೆ 25.4. ಹಾಗಾದರೆ ಇದು ಒಂದು ಇಂಚಿನ ಮಾರ್ಜಿನ್, ವರ್ಡ್ ತಾನಾಗಿಯೇ ಕೊಡುವಂಥದು, ಯಾರೂ ಮುಟ್ಟಿಲ್ಲ.

ಇನ್ನು ವಿಭಾಗಗಳು. ಒಳಗಿನ ವಿವರ ಬೇಡ, ಮೇಲಿನಿಂದ ಕೆಳಕ್ಕೆ ತಲೆಬರಹ ಮತ್ತು ಅದರ ಕೆಳಗಿನ ಸಾಲುಗಳ ಎಣಿಕೆ ಮಾತ್ರ ಹೇಳು ಎಂದೆ. ಹೆಸರು, ಸಂಪರ್ಕ ಸೇರಿ ಮೂರು ಸಾಲು. ಆಬ್ಜೆಕ್ಟಿವ್ ಎರಡು, ವಿದ್ಯಾಭ್ಯಾಸ ಮೂರು, ಸ್ಕಿಲ್ಸ್ ಐದು, ಇಂಟರ್ನ್‌ಶಿಪ್ ಏಳು, ವೈಯಕ್ತಿಕ ವಿವರ ಆರು, ಕೊನೆಗೆ ಸ್ಥಳ ದಿನಾಂಕ ಸಹಿಯೊಂದಿಗೆ ಡಿಕ್ಲರೇಶನ್ ನಾಲ್ಕು. ಆರು ತಲೆಬರಹ ಸೇರಿಸಿದರೆ ಒಟ್ಟು 36 ಸಾಲು. ವೈಯಕ್ತಿಕ ವಿವರದ ಕೊನೆಯ ಮೂರು ಸಾಲು ಮತ್ತು ಡಿಕ್ಲರೇಶನ್ ಎರಡನೆಯ ಪುಟಕ್ಕೆ ಹೋಗಿದ್ದವು.

ಬರೀ 36 ಸಾಲು ಎರಡು ಪುಟ ಏಕಾಗಬೇಕು? ಮುದ್ರಣದ ಲೆಕ್ಕ ಪಾಯಿಂಟಿನಲ್ಲಿ, ಇಂಚಿಗೆ 72. ಎ4 ಪುಟದ ಮೇಲೆ ಕೆಳಗೆ ಒಂದೊಂದು ಇಂಚು ಬಿಟ್ಟರೆ ಸುಮಾರು 698 ಪಾಯಿಂಟ್ ಎತ್ತರ ಉಳಿಯುತ್ತದೆ. ಕ್ಯಾಲಿಬ್ರಿ 11ರ ಒಂದು ಸಾಲು, ವರ್ಡ್ 2013ರಿಂದ ತಾನಾಗಿ ಕೊಡುತ್ತಿದ್ದ 1.08ರ ಅಂತರದೊಂದಿಗೆ, ಹದಿನಾಲ್ಕೂವರೆ ಪಾಯಿಂಟಿನ ಹತ್ತಿರ. ಹಾಗೆ ನೋಡಿದರೆ 48 ಸಾಲು ಹಿಡಿಯಬೇಕು. ಹಿಡಿದಿಲ್ಲವೆಂದರೆ ಜಾಗ ಎಲ್ಲೋ ಸೋರುತ್ತಿದೆ.

ಎಲ್ಲಿ ಎಂಬುದನ್ನು ಚಿತ್ರದಿಂದಲೇ ಕಂಡುಹಿಡಿಯಬಹುದು. ಆಬ್ಜೆಕ್ಟಿವ್ ಒಂದೇ ವಾಕ್ಯ. ಮೊದಲ ಸಾಲು ತುಂಬಿ ಎರಡನೆಯದಕ್ಕೆ ಹರಿದಿದೆ. ಸ್ಕಿಲ್ಸ್‌ನಲ್ಲಿ ಹಾಗಲ್ಲ, ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಿದ್ದಾರೆ. "ಈ ಎರಡು ಕಡೆಯ ಅಂತರ ಒಂದೇ ಇದೆಯಾ ನೋಡು" ಎಂದೆ. ಸುಮಾ ಹಿಗ್ಗಿಸಿ ನೋಡಿದಳು. "ಇಲ್ಲ ಚಿಕ್ಕಮ್ಮ, ಆಬ್ಜೆಕ್ಟಿವ್ ಹತ್ತಿರ ಹತ್ತಿರ ಇದೆ. ಸ್ಕಿಲ್ಸ್ ದೂರ ದೂರ. ಮಧ್ಯೆ ಇನ್ನರ್ಧ ಸಾಲು ತೂರಿಸಬಹುದು."

ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ. ಸಾಲುಗಳ ಅಂತರವೇ ಹೆಚ್ಚಾಗಿದ್ದರೆ ಎರಡು ಕಡೆಯೂ ಒಂದೇ ಇರುತ್ತಿತ್ತು. ಎಂಟರ್ ಬಿದ್ದಲ್ಲಿ ಮಾತ್ರ ಹೆಚ್ಚಾಗಿದೆ ಎಂದರೆ ಅದು ಪ್ಯಾರಾದ ನಂತರದ ಜಾಗ. ವರ್ಡ್ ಪ್ರತಿ ಪ್ಯಾರಾದ ಕೆಳಗೆ ತಾನಾಗಿ ಎಂಟು ಪಾಯಿಂಟ್ ಬಿಡುತ್ತಿತ್ತು. ಹದಿನಾಲ್ಕೂವರೆಯಲ್ಲಿ ಎಂಟೆಂದರೆ ಅರ್ಧಕ್ಕೆ ಸ್ವಲ್ಪ ಮೇಲೆ. ಸುಮಾ ಕಣ್ಣಳತೆಯಲ್ಲಿ ಹೇಳಿದ ಅರ್ಧ ಸಾಲು ಅದೇ. ಎಂಟರ್ ಒತ್ತಿದ ಪ್ರತಿ ಸಾಲೂ ಹೀಗೆ ಇಪ್ಪತ್ತೆರಡೂವರೆ ಪಾಯಿಂಟ್ ತಿಂದರೆ ಪುಟಕ್ಕೆ 31 ಸಾಲು ಮಾತ್ರ. (2007 ಮತ್ತು 2010ರ ವರ್ಡ್‌ನಲ್ಲಿ ಇದು ಹತ್ತು ಪಾಯಿಂಟ್ ಇತ್ತು. ಈಗಿನ ಹೊಸದರಲ್ಲಿ ಅಕ್ಷರವೇ ಆಪ್ಟೋಸ್ ಆಗಿರುವುದರಿಂದ ಲೆಕ್ಕ ಬೇರೆ, ಪರೀಕ್ಷೆ ಮಾತ್ರ ಇದೇ.)

ತಲೆಬರಹಗಳ ಮೇಲೆ ಎಷ್ಟು ಸಾಲು ಹಿಡಿಯುತ್ತದೆ ಎಂದು ಕೇಳಿದೆ. "ಎರಡು." ಕೆಳಗೆ? "ಅರ್ಧ, ಸ್ಕಿಲ್ಸ್‌ನಲ್ಲಿದ್ದಷ್ಟೇ." ಮೇಲೆ ಎರಡು ಸಾಲು ಹಿಡಿಯುವುದೆಂದರೆ ಅಲ್ಲೊಂದು ಖಾಲಿ ಎಂಟರ್ ಇದೆ. ಖಾಲಿ ಸಾಲಿನ ಹದಿನಾಲ್ಕೂವರೆ, ಅದರ ಕೆಳಗಿನ ಎಂಟು, ಮೇಲಿನ ಪ್ಯಾರಾದ ಎಂಟು ಸೇರಿದರೆ ಎರಡು ಸಾಲಿನಷ್ಟೇ ಆಗುತ್ತದೆ. ಆರು ತಲೆಬರಹಕ್ಕೆ ಆರು ಖಾಲಿ ಸಾಲು. ಎಂಟು ಸಾಲಿನಷ್ಟು ವಿಷಯ ಏಕೆ ಪಕ್ಕದ ಪುಟಕ್ಕೆ ಹೋಯಿತೆಂಬುದು ಈಗ ಪೂರ್ತಿ ಬಿಡಿಸಿಕೊಂಡಿತು. ಬಹಳ ಜನ ಇಂಥಲ್ಲಿ ಅಕ್ಷರವನ್ನು ಒಂಬತ್ತಕ್ಕೆ ಇಳಿಸುತ್ತಾರೆ. ಹಾಗೆ ಮಾಡಿದರೆ ಓದುವವರ ಕಣ್ಣಿಗೆ ತೊಂದರೆ, ಅರ್ಧ ಸಾಲಿನ ಆ ಸಡಿಲವೂ ಹಾಗೇ ಉಳಿಯುತ್ತದೆ.

ಮೊಳೆ ಜೋಡಿಸುವ ಕಾಲದಲ್ಲಿ ಸಾಲುಗಳ ನಡುವಿನ ಜಾಗವನ್ನು ಕೈಯಲ್ಲಿ ಹಿಡಿಯಬಹುದಿತ್ತು. ಅದು ಸೀಸದ ತೆಳುಪಟ್ಟಿ, ಕಂಪೋಸಿಟರ್ ಎಣಿಸಿ ಇಡುತ್ತಿದ್ದ. ಖಾಲಿ ಜಾಗವೂ ಯಾರೋ ಇಟ್ಟದ್ದು ಎಂಬ ಅರಿವು ಆ ಕೆಲಸದಲ್ಲಿ ತಾನಾಗಿ ಬರುತ್ತಿತ್ತು. ಪರದೆಯ ಮೇಲೆ ಖಾಲಿ ಜಾಗ ಏನೂ ಇಲ್ಲದ ಜಾಗದಂತೆ ಕಾಣುತ್ತದೆ, ಅದಕ್ಕೇ ಯಾರೂ ಅದನ್ನು ಎಣಿಸುವುದಿಲ್ಲ. ಆ ಹಳೆಯ ಕಸುಬಿನ ಇದೊಂದು ಅಭ್ಯಾಸ ಉಳಿದುಕೊಳ್ಳಬೇಕಿತ್ತು ಎಂದು ನನಗೆ ಬಹಳ ಸಲ ಅನಿಸಿದೆ.

ಇಂಟರ್ನ್‌ಶಿಪ್ ಭಾಗದಲ್ಲಿ ಇನ್ನೆರಡು ಸುಳಿವು ಸಿಕ್ಕವು. ಎರಡು ಕಂಪನಿಗಳ ಹೆಸರಿನ ಸಾಲಿನಲ್ಲಿ ಬಲಕ್ಕೆ ತಿಂಗಳು ವರ್ಷ ಬರೆದಿತ್ತು. ಅವೆರಡೂ ಒಂದೇ ಗೆರೆಯಲ್ಲಿ ಮುಗಿಯುತ್ತವಾ ಎಂದು ಕೇಳಿದೆ. ಒಂದು ಚೂರು ಒಳಗೆ, ಒಂದು ಚೂರು ಹೊರಗೆ ಎಂದಳು. ಸ್ಪೇಸ್‌ಬಾರ್ ಒತ್ತುತ್ತಾ ದೂಡಿದ್ದರೆ ಹೀಗೇ ಆಗುತ್ತದೆ. ಒಂದೊಂದು ಅಕ್ಷರದ ಅಗಲ ಒಂದೊಂದಾಗಿರುವಾಗ ಸ್ಪೇಸುಗಳು ಎರಡು ಸಾಲನ್ನು ಒಂದೇ ಕಡೆ ತಂದು ನಿಲ್ಲಿಸಲಾರವು. ಹೈಫನ್ ಹಾಕಿದ ವಾಕ್ಯಗಳಲ್ಲಿ ಎರಡನೆಯ ಸಾಲು ಅಕ್ಷರದ ಕೆಳಗಿನಿಂದ ಶುರುವಾಗಿಲ್ಲ, ಹೈಫನ್ನಿನ ಕೆಳಗಿನಿಂದಲೇ ಶುರುವಾಗಿದೆ ಎಂದೂ ಹೇಳಿದಳು. ಅಂದರೆ ಅದು ವರ್ಡ್‌ನ ಬುಲೆಟ್ ಅಲ್ಲ, ಬರೀ ಹೈಫನ್.

ಇಷ್ಟಾದ ಮೇಲೂ ಒಂದನ್ನು ಚಿತ್ರದಿಂದ ಖಚಿತ ಮಾಡಿಕೊಳ್ಳಲಾಗಲಿಲ್ಲ. ಹೆಸರು, ಫೋನ್ ನಂಬರು ಪುಟದ ಮೈಯಲ್ಲಿವೆಯೋ ಹೆಡರಿನಲ್ಲಿವೆಯೋ? ಕಂಪನಿಗಳಲ್ಲಿ ಅರ್ಜಿಗಳನ್ನು ಓದುವ ಕೆಲವು ಸಾಫ್ಟ್‌ವೇರುಗಳು ಹೆಡರನ್ನು ಬಿಟ್ಟುಬಿಡುತ್ತವೆ, ಆಗ ನಂಬರೇ ಇಲ್ಲದ ಅರ್ಜಿಯಾಗುತ್ತದೆ. ವರ್ಡ್‌ನಲ್ಲಿ ಹೆಡರಿನ ಅಕ್ಷರ ಮಾಸಲಾಗಿ ಕಾಣುತ್ತದೆ. ಸುಮಾಳಿಗೆ ಕಪ್ಪಾಗಿಯೇ ಕಂಡಿತು. ಆದರೂ ಒಮ್ಮೆ ಹೆಸರಿನ ಮೇಲೆ ಕ್ಲಿಕ್ ಮಾಡಿ ನೋಡಲಿ ಎಂದೆ. ಹೆಡರಾಗಿದ್ದರೆ ಒಂದೇ ಕ್ಲಿಕ್ಕಿಗೆ ಕರ್ಸರ್ ಅಲ್ಲಿಗೆ ಹೋಗುವುದಿಲ್ಲ.

ಸಲಹೆ ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊದಲು `Ctrl+Shift+8` ಒತ್ತಿದರೆ ಎಂಟರುಗಳೂ ಸ್ಪೇಸುಗಳೂ ಗುರುತಾಗಿ ಕಾಣುತ್ತವೆ, ಆರು ಖಾಲಿ ಎಂಟರುಗಳನ್ನು ಅಳಿಸಬೇಕು. ಎಲ್ಲವನ್ನೂ ಆಯ್ದು ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ `After` ಸೊನ್ನೆ ಮಾಡಬೇಕು. ತಲೆಬರಹಗಳಿಗೆ ಮಾತ್ರ `Before` 12, `After` 4. ತಲೆಬರಹ ತನ್ನ ಕೆಳಗಿನ ಸಾಲುಗಳಿಗೆ ಹತ್ತಿರವಿದ್ದು ಮೇಲಿನವುಗಳಿಂದ ದೂರವಿರಬೇಕು. ಹೈಫನ್ ತೆಗೆದು ಬುಲೆಟ್ ಬಟನ್ ಒತ್ತಬೇಕು. ತಾರೀಕಿನ ಮುಂದಿನ ಸ್ಪೇಸುಗಳನ್ನು ಅಳಿಸಿ, 15.92 ಸೆಂಟಿಮೀಟರಿಗೆ ಬಲಗಡೆಯ ಟ್ಯಾಬ್ ಇಟ್ಟು, ಒಂದು ಸಲ ಟ್ಯಾಬ್ ಒತ್ತಬೇಕು. 21ರಲ್ಲಿ ಎರಡು ಮಾರ್ಜಿನ್ ಕಳೆದರೆ ಬರುವ ಅಂಕಿ ಅದು. ಮುಂದೆ ಮಾರ್ಜಿನ್ ಬದಲಿಸಿದರೆ ಅದನ್ನೂ ಬದಲಿಸಬೇಕು.

ನನ್ನ ಲೆಕ್ಕದ ಪ್ರಕಾರ 36 ಸಾಲು, ಆರು ತಲೆಬರಹದ ಜಾಗ, ದೊಡ್ಡಕ್ಷರದ ಹೆಸರು ಎಲ್ಲ ಸೇರಿ 630 ಪಾಯಿಂಟಿನ ಆಸುಪಾಸು. ಒಂದು ಪುಟದೊಳಗೆ ಮುಗಿಯಬೇಕು. ರಾತ್ರಿ ಸುಮಾ ಹೊಸ ಚಿತ್ರವನ್ನು ಹೇಳಿದಳು. ಈ ಸಲ ಒತ್ತು, ಖಾಲಿ ಎನ್ನಲಿಲ್ಲ. "ಒಂದೇ ಪುಟ ಚಿಕ್ಕಮ್ಮ. ಕೊನೆಯ ಸಾಲಿನ ಕೆಳಗೆ, ಮಾರ್ಜಿನ್ ಬಿಟ್ಟು, ಇನ್ನೂ ನಾಲ್ಕು ಸಾಲು ಹಿಡಿಯುತ್ತದೆ. ತಾರೀಕು ಎರಡೂ ಒಂದೇ ಗೆರೆಯಲ್ಲಿವೆ. ಆದರೆ ಸಹಿ ಮಾಡೋಕೆ ಜಾಗ ಸಾಲಲ್ಲ." ಸಹಿಯ ಸಾಲಿಗೆ `Before` 30 ಕೊಡಿಸು ಎಂದೆ. ಉಳಿದ ನಾಲ್ಕರಲ್ಲಿ ಎರಡು ಸಾಲು ಅದಕ್ಕೆ ಹೋದರೂ ಪುಟ ದಾಟುವುದಿಲ್ಲ, ಮತ್ತು ಪೆನ್ನು ಹಿಡಿದ ಕೈಗೆ ಅಷ್ಟು ಜಾಗ ಬೇಕೇ ಬೇಕು.