ಸರಳಿನ ತುದಿಯ ಕೆಂಪು ಬಟ್ಟೆ

ಪಿಕಪ್ ವಾಹನದ ಹಿಂಬದಿಯಿಂದ ಕಬ್ಬಿಣದ ಸರಳುಗಳು ಸುಮಾರು ಎರಡು ಮಾರು ಹೊರಗೆ ಚಾಚಿಕೊಂಡಿರುತ್ತವೆ. ಅವುಗಳ ತುದಿಯಲ್ಲಿ ಒಂದು ಕೆಂಪು ಬಟ್ಟೆಯ ಚೂರು ಗಾಳಿಗೆ ಹಾರಾಡುತ್ತಿರುತ್ತದೆ. ಬದಿಯಡ್ಕ, ಪೆರ್ಲ, ಸೀತಾಂಗೋಳಿಯ ರಸ್ತೆಗಳಲ್ಲಿ ಈ ನೋಟ ಯಾರಿಗೂ ಹೊಸತಲ್ಲ. ಬಟ್ಟೆ ಕಟ್ಟಿದ ಮೇಲೆ ಕಾನೂನಿನ ಮಾತು ಮುಗಿಯಿತೆಂಬ ನಂಬಿಕೆಯೂ ಹಳೆಯದೇ. ಆ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು, ಈಗ ಇಲ್ಲ.

ಹದಿನೆಂಟು ವರ್ಷಗಳಿಂದ ಬಾಡಿಗೆಗೆ ಪಿಕಪ್ ಓಡಿಸುತ್ತ ಬಂದ ಈ ಭಾಗದ ಚಾಲಕನೊಬ್ಬನಿಗೂ ಅದೇ ನಂಬಿಕೆಯಿತ್ತು. ಕಬ್ಬಿಣದ ಅಂಗಡಿಯವರು ಕರೆದಾಗಲೆಲ್ಲ ಹೋಗಿ, ಸರಳು ಹೇರಿಸಿಕೊಂಡು, ತುದಿಗೆ ಬಟ್ಟೆ ಬಿಗಿದು ಹೊರಡುವುದು ಅವನ ವಾಡಿಕೆ. ಒಂದು ಮಳೆಗಾಲದ ಸಂಜೆ ಇಳಿಜಾರಿನ ತಿರುವಿನಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲೆಂದು ಅವನು ವಾಹನವನ್ನು ಒಮ್ಮೆಲೇ ನಿಲ್ಲಿಸಬೇಕಾಯಿತು. ಹಿಂದಿನಿಂದ ಬಂದ ಸ್ಕೂಟರ್ ನಿಂತಾಗ ಸವಾರನ ಎದೆಗೂ ಸರಳಿನ ತುದಿಗೂ ನಡುವೆ ಉಳಿದದ್ದು ಒಂದು ಗೇಣು. ಸವಾರನ ಬೆನ್ನ ಹಿಂದೆ ಶಾಲೆಯ ಚೀಲ ಹೊತ್ತ ಹುಡುಗಿ ಕುಳಿತಿದ್ದಳು. ಯಾರಿಗೂ ಏನೂ ಆಗಲಿಲ್ಲ. ಮಳೆಗೆ ತೊಯ್ದ ಬಟ್ಟೆಯ ಚೂರು ಮಾತ್ರ ಸರಳಿಗೆ ಅಂಟಿಕೊಂಡು ಕಪ್ಪಾಗಿ ಕಾಣುತ್ತಿತ್ತು.

ಆ ಗೇಣಿನ ಲೆಕ್ಕ ತಿಳಿಯಬೇಕಾದರೆ ಹಿಂದಿನ ಸವಾರನ ಕಣ್ಣಿನಿಂದ ನೋಡಬೇಕು. ಮನೆ ಕಟ್ಟಲು ಬಳಸುವ ಸರಳು ಹೆಚ್ಚೆಂದರೆ ಬೆರಳಿನಷ್ಟು ದಪ್ಪ. ಬದಿಯಿಂದ ನೋಡಿದರೆ ಅದು ಉದ್ದವಾದ ಗೆರೆಯಾಗಿ ಕಾಣುತ್ತದೆ. ಅದೇ ಸರಳು ನೇರವಾಗಿ ನಮ್ಮತ್ತ ಚಾಚಿದಾಗ ಕಾಣುವುದು ಅದರ ತುದಿ, ಎಂದರೆ 12 ಮಿಲಿಮೀಟರ್ ಅಗಲದ ಒಂದು ಚುಕ್ಕೆ. ಕತ್ತಲಲ್ಲಿ ಸವಾರನ ಕಣ್ಣು ಆ ಚುಕ್ಕೆಯನ್ನು ಹುಡುಕುವುದಿಲ್ಲ. ವಾಹನದ ಹಿಂದಿನ ಕೆಂಪು ದೀಪವನ್ನು ನೋಡಿ ಅಂತರವನ್ನು ಅಂದಾಜು ಮಾಡುತ್ತದೆ. ದೀಪ ಹತ್ತು ಮೀಟರ್ ದೂರದಲ್ಲಿದೆ ಎಂದು ಅವನು ಎಣಿಸಿದಾಗ ಸರಳಿನ ತುದಿ ಆರೂವರೆ ಮೀಟರಿನಲ್ಲೇ ಇರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ಸ್ಕೂಟರ್ ಒಂದು ಸೆಕೆಂಡಿನಲ್ಲಿ 11 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಕೈ ಬ್ರೇಕನ್ನು ಹಿಡಿಯುವುದಕ್ಕೇ ಸುಮಾರು ಒಂದು ಸೆಕೆಂಡ್ ಬೇಕು.

ಇನ್ನೊಂದು ಅಪಾಯ ತಿರುವಿನದು. ವಾಹನ ಬಲಕ್ಕೆ ತಿರುಗುವಾಗ ಹಿಂದಿನ ಚಕ್ರದಿಂದಾಚೆಗಿನ ಭಾಗ ಎಡಕ್ಕೆ ಬೀಸುತ್ತದೆ. ಆ ಭಾಗ ಉದ್ದವಾದಷ್ಟೂ ಬೀಸು ದೊಡ್ಡದು. ಕವಲುದಾರಿಯಲ್ಲಿ ಪಿಕಪ್ಪಿನ ಎಡಗಡೆ ಸೈಕಲ್ ಹಿಡಿದು ನಿಂತ ಹುಡುಗನಿಗೆ ವಾಹನ ತನ್ನಿಂದ ದೂರ ಸರಿಯುವಂತೆ ತೋರುತ್ತದೆ. ಸರಳಿನ ತುದಿಯಾದರೋ ಅವನ ಕಡೆಗೇ ಬರುತ್ತಿರುತ್ತದೆ.

ಕಾನೂನು ಈ ಅಪಾಯವನ್ನು ಮೊದಲು ಸ್ವಲ್ಪಮಟ್ಟಿಗೆ ಸಹಿಸಿಕೊಂಡಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 93ನೆಯ ನಿಯಮವು ಹೊರೆಯು ಪಕ್ಕಕ್ಕಾಗಲಿ, ಮುಂದಕ್ಕಾಗಲಿ, ಹಿಂದಕ್ಕಾಗಲಿ ವಾಹನವನ್ನು ಮೀರಿ ಚಾಚಬಾರದೆಂದು ಹೇಳುತ್ತದೆ. ಆದರೆ ಕಂಬದಂತಹ ಉದ್ದನೆಯ ವಸ್ತುಗಳು ಕೆಲವು ಷರತ್ತುಗಳೊಡನೆ ಹಿಂದಕ್ಕೆ ಒಂದು ಮೀಟರಿನವರೆಗೆ ಚಾಚಬಹುದೆಂಬ ವಿನಾಯಿತಿಯೂ ಅದರಲ್ಲಿತ್ತು. ಕೆಂಪು ಬಟ್ಟೆಯ ನಂಬಿಕೆಗೆ ನೀರೆರೆದದ್ದು ಇದೇ. 2014ರಲ್ಲಿ ಕೇಂದ್ರ ಸರಕಾರ ಆ ವಿನಾಯಿತಿಯನ್ನು ತೆಗೆದುಹಾಕಿತು. ಅಂದಿನಿಂದ ಬಟ್ಟೆ ಕಟ್ಟಿದರೂ ದೀಪ ತೂಗಿಸಿದರೂ ಹೊರಚಾಚಿದ ಸರಳು ನಿಯಮಬಾಹಿರವೇ. ಗುರುತು ಅಪಾಯವನ್ನು ತೋರಿಸುತ್ತದೆಯೇ ಹೊರತು ಅನುಮತಿಯನ್ನು ಕೊಡುವುದಿಲ್ಲ.

2019ರ ತಿದ್ದುಪಡಿಯ ಬಳಿಕ ಇದಕ್ಕೆ ದಂಡ 20,000 ರೂಪಾಯಿ. ಹೊರೆಯನ್ನು ಇಳಿಸುವ ಖರ್ಚು ಬೇರೆ. ಹೊರೆ ಸರಿಯಾಗುವ ತನಕ ವಾಹನವನ್ನು ಮುಂದೆ ಬಿಡುವಂತಿಲ್ಲ. ವಾಹನವನ್ನು ಓಡಿಸಿದವನೊಬ್ಬನೇ ಅಲ್ಲ, ಹಾಗೆ ಓಡಿಸಲು ಕಾರಣನಾದವನೂ ಅದಕ್ಕೆ ಎಡೆಗೊಟ್ಟವನೂ ಹೊಣೆಗಾರರೆಂದು ಕಾಯಿದೆಯ ಮಾತು. ಇದು ಕೇಂದ್ರದ ಕಾನೂನಾದ್ದರಿಂದ ತಲಪಾಡಿಯ ಗಡಿಯ ಆಚೆಗೂ ಈಚೆಗೂ ಒಂದೇ.

ಆ ಸಂಜೆಯ ಬಳಿಕ ಚಾಲಕ ಚಾಚಿದ ಸರಳನ್ನು ಹೇರುವುದನ್ನು ಬಿಟ್ಟ. ಅಂಗಡಿಯವರು ಕೆಲವು ತಿಂಗಳು ಅವನನ್ನು ಕರೆಯಲಿಲ್ಲ. ಬಾಡಿಗೆಗೆ ಬೇರೆಯವರು ಸಿದ್ಧರಿದ್ದರು. ವಾಹನದ ಸಾಲದ ಕಂತು ಮಾತ್ರ ತಿಂಗಳು ತಿಂಗಳಿಗೆ ತಪ್ಪದೆ ಬರುತ್ತಿತ್ತು. ಅಷ್ಟರಲ್ಲಿ ಅವನಿಗೆ ಕನ್ನಡ ಕಲಿಸಿದ ನಿವೃತ್ತ ಅಧ್ಯಾಪಕರು ಮನೆಗೆ ಎರಡು ಕೋಣೆಗಳನ್ನು ಸೇರಿಸಲು ಹೊರಟು ಕರೆ ಕಳುಹಿಸಿದರು.

"ಮಾಷ್ಟ್ರೇ, ನನ್ನ ಗಾಡಿಯ ತೊಟ್ಟಿ ಎಂಟಡಿ. ಅಂಗಡಿಯಲ್ಲಿ ಕಂಬಿ ಬರುವುದು ನಲವತ್ತಡಿ. ಮಡಿಸಿದರೂ ಇಪ್ಪತ್ತು. ಹನ್ನೆರಡಡಿ ಹೊರಗೆ ಉಳಿಯುತ್ತದೆ. ನಾನು ತರುವುದಿಲ್ಲ," ಎಂದ ಚಾಲಕ.

"ಕ್ಯಾಬಿನ್ನಿನ ಮೇಲಕ್ಕೆ ಓರೆಯಾಗಿ ಇಟ್ಟರೆ?" ಎಂದು ಅಧ್ಯಾಪಕರು ಕೇಳಿದರು.

"ಮುಂದಕ್ಕೆ ಚಾಚುವುದಕ್ಕೂ ನಿಯಮ ಒಪ್ಪುವುದಿಲ್ಲ ಮಾಷ್ಟ್ರೇ. ಬ್ರೇಕ್ ಹಾಕಿದಾಗ ಕಂಬಿ ಜಾರಿದರೆ ಮುಂದಿನವನ ಗತಿಯೇನು?"

ಅಧ್ಯಾಪಕರು ಕಾಗದ ಪೆನ್ನು ತಂದರು. ಮೇಸ್ತ್ರಿಯನ್ನೂ ಇಂಜಿನಿಯರನ್ನೂ ಕೂರಿಸಿಕೊಂಡು ಯಾವ ಸರಳು ಎಲ್ಲಿಗೆ, ಎಷ್ಟು ಉದ್ದ ಎಂಬ ಪಟ್ಟಿ ಮಾಡಿದರು. ಕಂಬ ಮತ್ತು ತೊಲೆಗಳಿಗೆ ಬೇಕಾದ ರಿಂಗುಗಳನ್ನು ಅಂಗಡಿಯಲ್ಲೇ ಬಾಗಿಸಿದರೆ ಅವು ಪಿಕಪ್ಪಿನಲ್ಲಿ ನಿರಾಯಾಸವಾಗಿ ಹಿಡಿಯುತ್ತವೆ. ಕೋಣೆಯ ತಾರಸಿಗೆ ಬೇಕಾದದ್ದು ಹನ್ನೊಂದು ಮತ್ತು ಹದಿಮೂರು ಅಡಿಯ ತುಂಡುಗಳು. ಅಳತೆಗೆ ಕತ್ತರಿಸಿ ತಂದರೆ ಹದಿನಾಲ್ಕು ಅಡಿಯ ತೊಟ್ಟಿಯ ಲಾರಿಯೊಳಗೆ ಪೂರ್ತಿ ಕೂರುತ್ತವೆ. ಕಂಬದ ಸರಳುಗಳನ್ನು ಮಾತ್ರ ಮನಬಂದಂತೆ ಕತ್ತರಿಸಲಾಗದು. ಜೋಡಿಸುವಲ್ಲಿ ಒಂದರ ಮೇಲೊಂದು ಹಾಯಬೇಕಾದ ಉದ್ದ, ಸ್ಥೂಲವಾಗಿ, ಸರಳಿನ ದಪ್ಪದ ಐವತ್ತು ಪಟ್ಟು. 12 ಮಿಲಿಮೀಟರ್ ಸರಳಿಗೆ ಸುಮಾರು ಎರಡು ಅಡಿ. ತುಂಡು ಹೆಚ್ಚಿದಷ್ಟೂ ಆ ಎರಡಡಿಯ ಕಬ್ಬಿಣ ಹೆಚ್ಚು ಬೇಕು. ಜೋಡಣೆ ಎಲ್ಲಿ ಬರಬಹುದೆಂಬುದನ್ನು ಇಂಜಿನಿಯರೇ ಹೇಳಬೇಕು. ಅವರು ಒಪ್ಪಿದ ಅಳತೆಯಲ್ಲಿ ಕಂಬದ ತುಂಡುಗಳೂ ಅದೇ ಲಾರಿಗೆ ಹಿಡಿದವು.

ಲಾರಿಯ ಬಾಡಿಗೆ ಪಿಕಪ್ಪಿಗಿಂತ ಹೆಚ್ಚಾಯಿತು. ಕತ್ತರಿಸುವ ಕೂಲಿಯೂ ಸೇರಿತು. ಆದರೆ ಮನೆಯ ಅಂಗಳದಲ್ಲಿ ಮಡಿಕೆ ಬಿಡಿಸುವ ಕೆಲಸ ಉಳಿಯಿತು. ಮಡಿಸಿ ಮತ್ತೆ ನೆಟ್ಟಗೆ ಮಾಡಿದ ಜಾಗದಲ್ಲಿ ಸರಳು ಬಲ ಕಳೆದುಕೊಳ್ಳುವ ಅಂಜಿಕೆಯೂ ಉಳಿಯಲಿಲ್ಲ. ರಿಂಗು, ಸಿಮೆಂಟು, ಕಟ್ಟುವ ತಂತಿಗಳನ್ನು ಚಾಲಕ ತನ್ನ ಪಿಕಪ್ಪಿನಲ್ಲಿ ಎರಡು ಸಲ ತಂದ. ಹಿಂದಿನ ಬಾಗಿಲು ಎರಡು ಸಲವೂ ಮುಚ್ಚಿಯೇ ಇತ್ತು.

ಅವನು ಈಗ ಗಿರಾಕಿಗಳಿಗೆ ಹೇಳುವ ಪರೀಕ್ಷೆಯೂ ಅದೇ: ಹೊರೆ ಹೇರಿದ ಮೇಲೆ ಹಿಂದಿನ ಬಾಗಿಲು ಮುಚ್ಚಬೇಕು. ಮುಚ್ಚದಿದ್ದರೆ ಹುಡುಕಬೇಕಾದದ್ದು ಇನ್ನೊಂದು ವಾಹನವನ್ನು, ಕೆಂಪು ಬಟ್ಟೆಯನ್ನಲ್ಲ. ಅಡಕೆ ತೋಟಕ್ಕೆ ಒಯ್ಯುವ ಬಿದಿರಿನ ಏಣಿಗೂ ಚಪ್ಪರಕ್ಕೆ ತರುವ ಅಡಕೆ ಮರಕ್ಕೂ ಇದೇ ಮಾತು ಸಲ್ಲುತ್ತದೆ. ಅಂಗಡಿಯ ಮುಂದೆ ನಿಂತು ಬಾಡಿಗೆ ಮಾತಾಡುವವರು ಮನೆಯ ಯಜಮಾನರೇ ಆದ್ದರಿಂದ ತೊಟ್ಟಿಯ ಉದ್ದವೆಷ್ಟು ಎಂದು ಮೊದಲು ಕೇಳಬೇಕಾದವರೂ ಅವರೇ.